ಅಂತರ ಬೇರೆ, ದೂರ ಬೇರೆ

ಬುಧವಾರ ಮಧ್ಯಾಹ್ನ ಪಟ್ಟೆಯಣ್ಣ ನಡುಮನೆಯ ಕಿಟಕಿಗೆ ಎರಡು ಕಂಬಳಿ ಕಟ್ಟಿದ. ಒಂದು ಕಂಬಳಿಯಲ್ಲಿ ತೂತು ಇತ್ತು. ತೂತಿನಿಂದ ಬಿಸಿಲು ಇಳಿದು ನೆಲದ ಮೇಲೆ ಬೊಟ್ಟಿನಷ್ಟು ಬಿತ್ತು. ಅವನು ತನ್ನ ಕಾಲುಚೀಲ ತೆಗೆದು ತೂತಿಗೆ ತುರುಕಿದ.

ಹೆಂಡತಿ ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಿದ್ದಳು. ಬಾರೇ ಇಲ್ಲಿ ಅಂದ. ಯಾಕೆ ಅಂತ ಅವಳು ಕೇಳಲಿಲ್ಲ. ಕಂಬಳಿ ಕಟ್ಟಿದ ಅಂದರೆ ರಟ್ಟು ಹಿಡಿಯೋಕೆ ಆಳು ಬೇಕು ಅಂತ ಅರ್ಥ. ಕೈ ಒರೆಸಿಕೊಂಡು ಬಂದು, ಬಾಗಿಲ ಹಿಂದಿದ್ದ ಬಿಳಿ ರಟ್ಟು ಎತ್ತಿಕೊಂಡು, ನೆಲದ ಮೇಲೆ ಎರಡು ಅಂತ ಬರೆದಿದ್ದ ಕಡೆ ನಿಂತಳು.

ಅವರ ಮನೆಯ ನೆಲ ಕೆಂಪು. ಅದರ ಮೇಲೆ ಬಿಳಿ ಬಣ್ಣದಲ್ಲಿ ನಾಲ್ಕು ಗೆರೆ, ಗೆರೆ ಪಕ್ಕದಲ್ಲಿ ಅಂಕಿ. ಒಂದು, ಎರಡು, ಮೂರು, ನಾಲ್ಕು. ಮುಂಬಾಗಿಲ ಹತ್ತಿರದ ಸ್ಟೂಲಿನಿಂದ ಅಷ್ಟಷ್ಟು ಮೀಟರ್. ನಾಲ್ಕು ಸರಿಯಾಗಿ ಅಡುಗೆಮನೆ ಹೊಸ್ತಿಲಿಗೆ ಬರುತ್ತೆ. ಒಂದರ ಹಿಂದೆ, ಗೋಡೆ ಬುಡದಲ್ಲಿ, ಅದೇ ಬಣ್ಣದಲ್ಲಿ "ದೂರ" ಅಂತ ಬರೆದಿದೆ. ಅದನ್ನು ಬರೆದ ದಿನ ಅವಳು ತವರಿಗೆ ಹೋಗಿದ್ದಳು. ವಾಪಸ್ ಬಂದು ನೋಡಿ ಮೂರು ದಿನ ಮಾತು ಬಿಟ್ಟಳು. ಮನೆನಾ ಇದು, ಬಸ್ ಸ್ಟ್ಯಾಂಡಾ ಅಂತ ನಾಲ್ಕನೇ ದಿನ ಕೇಳಿದಳು. ಬಸ್ ಸ್ಟ್ಯಾಂಡಲ್ಲಾದ್ರೆ ಇಷ್ಟು ಚೆನ್ನಾಗಿ ಬರೀತಾರಾ ಅಂದ. ಅದಾಗಿ ಹದಿನೈದು ವರ್ಷ.

ಅವನು ಮೇಷ್ಟ್ರಲ್ಲ. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್. ಹತ್ತನೇ ಕ್ಲಾಸು ಮುಗಿಸಿ, ಹತ್ತೊಂಬತ್ತನೇ ವಯಸ್ಸಿಗೆ ಕಸ ಗುಡಿಸೋಕೆ ಸೇರಿದವನು. ಗುಡಿಸುವಾಗ ಮೇಜಿನ ಮೇಲಿನ ಸಾಮಾನು ಎತ್ತಿ ಒರೆಸಬೇಕು. ಎತ್ತಿದ್ದನ್ನು ಅಲ್ಲೇ ಇಡಬೇಕು. ಅಲ್ಲೇ ಯಾಕೆ ಇಡಬೇಕು ಅಂತ ಆಗಿದ್ದ ಹಳೆ ಮೇಷ್ಟ್ರನ್ನು ಕೇಳಿದ. ಅವರು ಹೇಳಿದರು. ಹಾಗೆ ಶುರುವಾಗಿದ್ದು. ಹತ್ತು ವರ್ಷದಲ್ಲಿ ಲ್ಯಾಬಿನ ಎಲ್ಲ ಪ್ರಯೋಗವೂ ಅವನ ಕೈಗೆ ಬಂತು. ಎರಡು ಸೀಳಿನ ಪ್ರಯೋಗ, ಬೆಳಕು ಹಾಯಿಸಿ ಪರದೆ ಮೇಲೆ ಪಟ್ಟೆ ಮೂಡಿಸೋದು, ಅದು ಮಾತ್ರ ತಲೆಗೂ ಹತ್ತಿತು. ಮಕ್ಕಳು ಪಟ್ಟೆಯಣ್ಣ ಅಂತ ಹೆಸರಿಟ್ಟಿದ್ದು ಅದಕ್ಕೇ. ಸಂಬಳದ ಚೀಟಿಯಲ್ಲಿದ್ದ ಹೆಸರು ಕಾಲೇಜಿನಲ್ಲಿ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಕೊಂಡು ತಂದ ಸೀಳು ಅವನಿಗೆ ಹಿಡಿಸುತ್ತಿರಲಿಲ್ಲ. ಗಾಜಿನ ಚೂರಿಗೆ ಕಪ್ಪು ಬಣ್ಣ ಬಳಿದು, ಒಣಗಿಸಿ, ಎರಡು ಶೇವಿಂಗ್ ಬ್ಲೇಡನ್ನು ಜೋಡಿಸಿ ಹಿಡಿದು, ಒಂದೇ ಏಟಿಗೆ ಗೀರುತ್ತಿದ್ದ. ಎರಡು ಕೂದಲೆಳೆಯಂಥ ಗೀರು. ಅವುಗಳ ನಡುವೆ ಒಂದು ಬ್ಲೇಡಿನ ದಪ್ಪದಷ್ಟು ಜಾಗ. ಇನ್ನೊಂದು ಗಾಜಿಗೆ ಎರಡು ಬ್ಲೇಡಿನ ಮಧ್ಯೆ ಮೂರನೆಯದನ್ನು ಒಳಕ್ಕೆ ಸರಿಸಿ ಇಟ್ಟು ಗೀರುತ್ತಿದ್ದ. ಆಗ ನಡುವಿನ ಜಾಗ ಎರಡು ಪಟ್ಟು. ಮೊದಲನೇ ಗಾಜಿನ ಮೇಲೆ "ಅಂತರ 1" ಅಂತ ಚೀಟಿ. ಎರಡನೆಯದಕ್ಕೆ "ಅಂತರ 2". ಬೆರಳಿಗೆ ಸದಾ ಒಂದಲ್ಲ ಒಂದು ಗಾಯ. ಮುಖ ಮಾತ್ರ ವಾರಕ್ಕೊಮ್ಮೆ ಕ್ಷೌರ. ಬ್ಲೇಡೆಲ್ಲ ಗಾಜಿಗೆ, ಗಡ್ಡಕ್ಕೆ ಗಾಳಿ ಅಂತ ಹೆಂಡತಿ ಅನ್ನುತ್ತಿದ್ದಳು.

ಆ ಬುಧವಾರ ಅವನು ಸ್ಟೂಲಿನ ಮೇಲೆ ಕೆಂಪು ಲೇಸರ್ ಇಟ್ಟ. ಅದರ ಮುಂದೆ ಒಂದನೇ ಗಾಜು. ಅವಳ ಕೈಯಲ್ಲಿದ್ದ ರಟ್ಟಿನ ಮೇಲೆ ಕೆಂಪು ಪಟ್ಟೆ ಮೂಡಿದವು. ಒಂದು ಕೆಂಪು, ಒಂದು ಕತ್ತಲೆ, ಒಂದು ಕೆಂಪು, ಒಂದು ಕತ್ತಲೆ. ಸ್ಕೇಲ್ ಹಿಡಿದ. ಐದು ಪಟ್ಟೆಗೆ ಆರೂವರೆ ಸೆಂಟಿಮೀಟರ್. ನಾಲ್ಕಕ್ಕೆ ಹೋಗು ಅಂದ. ಅವಳು ಹೊಸ್ತಿಲವರೆಗೆ ಹಿಂದಕ್ಕೆ ನಡೆದಳು. ಪಟ್ಟೆಗಳು ಹಿಗ್ಗಿದವು. ಹದಿಮೂರು. ಮತ್ತೆ ಎರಡಕ್ಕೆ ಬಂದಳು. ಅವನು ಎರಡನೇ ಗಾಜು ಇಟ್ಟ. ಪಟ್ಟೆ ಒತ್ತೊತ್ತಾಗಿ ಕೂತವು. ಮೂರೂ ಕಾಲು. ಮೊದಲ ಗಾಜನ್ನೇ ಇಟ್ಟು ಕೆಂಪು ತೆಗೆದು ಹಸಿರು ಹಾಕಿದಾಗ ಐದೂ ಚಿಲ್ಲರೆ. ಕೆಂಪಿನ ಅಲೆ ಉದ್ದ, ಹಸಿರಿನದು ಗಿಡ್ಡ. ಅಲೆ ಗಿಡ್ಡ ಆದಷ್ಟೂ ಪಟ್ಟೆ ಕಿರಿದು.

ಅವಳು ಓದಿದ್ದು ನಾಲ್ಕನೇ ಕ್ಲಾಸು. ಸೂತ್ರ ಗೊತ್ತಿಲ್ಲ. ಹಿಂದೆ ನಡೆದರೆ ಪಟ್ಟೆ ಸಡಿಲ, ಸೀಳು ಸರಿಸಿದರೆ ಪಟ್ಟೆ ಒತ್ತು ಅನ್ನೋದು ಕೈಗೆ ಗೊತ್ತು.

"ನಾಳೆ ಇಷ್ಟನ್ನೇ ತೋರಿಸ್ತೀನಿ. ಇದಕ್ಕಿಂತ ಜಾಸ್ತಿ ಮಾತಾಡಲ್ಲ," ಅಂದ.

"ನೀವಾ? ಜಾಸ್ತಿ ಮಾತಾಡಲ್ವಾ?" ಅಂದಳು.

ನಾಳೆ ಅಂದರೆ ಗುರುವಾರ, ವಿಚಾರಣೆ. ಪರೀಕ್ಷಾ ಕಚೇರಿಯಿಂದ ಮೂವರು ಕಾಲೇಜಿಗೆ ಬರೋರಿದ್ದರು. ಸಾಮೂಹಿಕ ನಕಲು ಅಂತ ಆರೋಪ. ಮೂವತ್ತೇಳು ಮಕ್ಕಳ ಫಲಿತಾಂಶ ತಡೆದಿದ್ದರು.

ಆಗಿದ್ದು ಇಷ್ಟು. ಕೊನೆ ಪರೀಕ್ಷೆಯ ಭೌತಶಾಸ್ತ್ರದ ಪತ್ರಿಕೆಯಲ್ಲಿ ಎರಡು ಸೀಳಿನ ಬಗ್ಗೆ ಎರಡು ಭಾಗದ ಪ್ರಶ್ನೆ ಇತ್ತು. ಮೊದಲ ಭಾಗ, ಬೆಳಕಿನ ಅಲೆಯುದ್ದ ಒಂದೂವರೆ ಪಟ್ಟಾದರೆ ಪಟ್ಟೆಯ ಅಗಲ ಏನಾಗುತ್ತದೆ. ಅದೂ ಒಂದೂವರೆ ಪಟ್ಟಾಗುತ್ತದೆ. ಅದರಲ್ಲಿ ತಕರಾರಿಲ್ಲ. ಎರಡನೇ ಭಾಗ, ಬೇರೇನೂ ಬದಲಿಸದೆ ಅಂತರವನ್ನು ಎರಡು ಪಟ್ಟು ಮಾಡಿದರೆ ಪಟ್ಟೆಯ ಅಗಲ ಏನಾಗುತ್ತದೆ, ಕಾರಣ ಕೊಡಿ.

ಯಾವ ಅಂತರ ಅಂತ ಬರೆದಿರಲಿಲ್ಲ. ಪತ್ರಿಕೆ ಮಾಡಿದವರ ಮನಸ್ಸಿನಲ್ಲಿದ್ದದ್ದು ಪರದೆಯ ಅಂತರ. ಹಿಂದಿನ ವರ್ಷಗಳಲ್ಲೆಲ್ಲ ಹಾಗೇ ಕೇಳಿದ್ದರು. ಗೈಡಿನಲ್ಲೂ ಹಾಗೇ ಇತ್ತು. ಈ ಸಲ ಪರದೆ ಅನ್ನೋ ಮಾತು ಬಿಟ್ಟುಹೋಯಿತು. ಬೇರೆ ಕಾಲೇಜುಗಳ ಮಕ್ಕಳು ಗೈಡು ಬಾಯಿಪಾಠ ಮಾಡಿದ್ದವರು, ಎರಡು ಪಟ್ಟು ಅಂತ ಬರೆದರು. ಉತ್ತರದ ಪಟ್ಟಿಯಲ್ಲೂ ಅದೇ ಇತ್ತು. ಈ ಕಾಲೇಜಿನ ಮೂವತ್ತೇಳು ಮಕ್ಕಳೂ ಅರ್ಧ ಅಂತ ಬರೆದರು. ಒಬ್ಬರೂ ಬೇರೆ ಬರೆಯಲಿಲ್ಲ. ಅಷ್ಟೇ ಆಗಿದ್ದರೆ ನಂಬರ್ ಹೋಗುತ್ತಿತ್ತು, ಮುಗಿಯುತ್ತಿತ್ತು. ಕಾರಣವನ್ನೂ ಮೂವತ್ತೇಳು ಮಂದಿ ಒಂದೇ ಮಾತಲ್ಲಿ ಬರೆದಿದ್ದರು. ಸೀಳು ಸರಿದರೆ ಪಟ್ಟೆ ಒತ್ತಾಗುತ್ತದೆ. ಯಾವ ಪುಸ್ತಕದಲ್ಲೂ ಇಲ್ಲದ ಮಾತು. ಪೇಪರ್ ತಿದ್ದುವವರು ಒಂದರ ಪಕ್ಕ ಒಂದಿಟ್ಟು ನೋಡಿದರು. ಯಾರೋ ಪರೀಕ್ಷೆಯ ಕೋಣೆಯಲ್ಲಿ ನಿಂತು ಹೇಳಿಕೊಟ್ಟಿದ್ದಾರೆ, ಅದನ್ನೂ ತಪ್ಪು ಹೇಳಿಕೊಟ್ಟಿದ್ದಾರೆ ಅಂತ ಬರೆದು ಮೇಲಕ್ಕೆ ಕಳಿಸಿದರು.

ಮಾತು ಪಟ್ಟೆಯಣ್ಣನದು. ಆ ವರ್ಷ ಮೊದಲ ಆರು ತಿಂಗಳು ಕಾಲೇಜಿಗೆ ಭೌತಶಾಸ್ತ್ರದ ಮೇಷ್ಟ್ರೇ ಇರಲಿಲ್ಲ. ಹಳಬರು ನಿವೃತ್ತರಾಗಿದ್ದರು. ಹೊಸಬರು ಬಂದಿರಲಿಲ್ಲ. ಮಕ್ಕಳು ಲ್ಯಾಬಿಗೆ ಬಂದು ಸುಮ್ಮನೆ ಕೂರುತ್ತಿದ್ದರು. ಸುಮ್ಮನೆ ಕೂರೋದು ಅವನಿಗೆ ಆಗುತ್ತಿರಲಿಲ್ಲ. ಸೂತ್ರದಲ್ಲಿ ದೊಡ್ಡ ಡಿ ಒಂದು, ಚಿಕ್ಕ ಡಿ ಒಂದು. ದೊಡ್ಡದು ಪರದೆಗೆ ಇರೋದು, ಮೇಲೆ ಬರುತ್ತೆ. ಚಿಕ್ಕದು ಸೀಳುಗಳ ನಡುವಿನದು, ಕೆಳಗೆ ಬರುತ್ತೆ. ಮಕ್ಕಳು ಎರಡನ್ನೂ ಕಲಸಿ ಗೊಜ್ಜು ಮಾಡುತ್ತಿದ್ದರು. ಪುಸ್ತಕ ಎರಡಕ್ಕೂ ಅಂತರ ಅನ್ನುತ್ತಿತ್ತು. ಅದು ಅವನಿಗೆ ಹಿಡಿಸಲಿಲ್ಲ. ಅಂತರ ಅಂದರೆ ಬೆರಳಲ್ಲಿ ಹಿಡಿಯೋದು, ದೂರ ಅಂದರೆ ಕಾಲಲ್ಲಿ ನಡೆಯೋದು ಅಂತ ಹೇಳಿಕೊಟ್ಟ. ನನ್ನ ಲ್ಯಾಬಲ್ಲಿ ಪರದೆಗೆ ಅಂತರ ಅಂದವನು ಮೇಜು ಒರೆಸಬೇಕು ಅಂದ. ಒಬ್ಬಿಬ್ಬರು ಒರೆಸಿದರು. ಆಮೇಲೆ ಯಾರೂ ಅನ್ನಲಿಲ್ಲ.

ಹಾಗಾಗಿ ಪರೀಕ್ಷೆಯಲ್ಲಿ ಅಂತರ ಅಂತ ಓದಿದ ಕೂಡಲೇ ಮೂವತ್ತೇಳು ಮಕ್ಕಳಿಗೂ ಗಾಜು ನೆನಪಾಯಿತು. ಪರದೆ ಯಾರಿಗೂ ನೆನಪಾಗಲಿಲ್ಲ.

ಇದನ್ನು ಹೇಳಿದರೆ ಮಕ್ಕಳು ಉಳಿಯುತ್ತಾರೆ. ಅಟೆಂಡರ್ ಪಾಠ ಮಾಡಿದ ಅನ್ನೋದೂ ಹೊರಗೆ ಬರುತ್ತೆ. ನಿಯಮದ ಪ್ರಕಾರ ಅಟೆಂಡರ್ ಹಾಗೆ ಮಾಡೋ ಹಾಗಿಲ್ಲ. ಪ್ರಿನ್ಸಿಪಾಲರಿಗೆ ನೋಟಿಸು, ಅವನಿಗೆ ಅಮಾನತ್ತು. ನಿವೃತ್ತಿಗೆ ಎರಡು ವರ್ಷ ಇತ್ತು. ಸುಮ್ಮನಿರು ಅಂತ ಪ್ರಿನ್ಸಿಪಾಲರು ಹೇಳಿ ಕಳಿಸಿದ್ದರು. ಪಟ್ಟೆಯಣ್ಣ ಆ ಬುಧವಾರ ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನೂ ಹೇಳಿದ. ಹೇಳಿ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ. ಸುಮ್ಮನಿರ್ತೀರಾ ಅಂತ ಅವಳು ಕೇಳಿದಳು. ಉಪ್ಪು ಕಮ್ಮಿಯಾಗಿದೆ ಅಂದ. ಅವಳಿಗೆ ಉತ್ತರ ಸಿಕ್ಕಿತು.

ಊಟ ಆದ ಮೇಲೆ ಕಂಬಳಿ ಬಿಚ್ಚಿದ. ಕಾಲುಚೀಲ ಹಾಕಿಕೊಂಡ. ಗಾಜುಗಳನ್ನು ಹತ್ತಿ ಹಾಸಿದ ಬಿಸ್ಕತ್ತಿನ ಡಬ್ಬಿಗೆ ಹಾಕಿದ. ಸಂಜೆ ಚಪ್ಪಲಿ ಹೊಲಿಸಿಕೊಂಡು ಬಂದ. ಆ ದಿನದಲ್ಲಿ ಹೇಳುವಂಥದ್ದು ಅಷ್ಟೇ.

ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಲ್ಲಿ ಹತ್ತಿರ ಕೂತ. ಏಳಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ನೀರು ದಂಡ ಮಾಡ್ತೀರಲ್ಲ ಅಂತ ಒಳಗಿಂದ ಅವಳು ಎರಡು ಸಲ ಕೂಗಿದಳು. ಎರಡನೇ ಸಲ ಗದರಿಸಿಯೇ ಕೂಗಿದಳು. ಆಮೇಲೆ ಎದ್ದು ಬಂದು ನೋಡಿದಳು. ಹೃದಯ ಅಂತ ಡಾಕ್ಟರು ಬರೆದರು.

ವಿಚಾರಣೆ ಹನ್ನೆರಡು ದಿನ ಮುಂದಕ್ಕೆ ಹೋಯಿತು.

ಮನೆಗೆ ಜನ ಬಂದರು, ಹೋದರು. ಮೈದುನ ಬಂದು ಎರಡು ದಿನ ಇದ್ದ. ಅತ್ತಿಗೆ, ನೆಲದ ಮೇಲಿನ ಬಣ್ಣ ಕೆರೆಸಿಬಿಡೋಣ, ನೋಡಿದಾಗೆಲ್ಲ ನೆನಪಾಗುತ್ತೆ ಅಂದ. ಬೇಡ ಅಂದಳು. ಅವನು ಮತ್ತೆ ಕೇಳಲಿಲ್ಲ.

ಏಳನೇ ದಿನ ಕಾಲೇಜಿನ ಹೊಸ ಮೇಷ್ಟ್ರು ಬಂದರು. ಚಿಕ್ಕ ವಯಸ್ಸು. ವರ್ಷದ ಮಧ್ಯದಲ್ಲಿ ಬಂದು ಸೇರಿದವರು. ಕುರ್ಚಿಯ ತುದಿಯಲ್ಲಿ ಕೂತರು. ಅವಳು ಕೊಟ್ಟ ಟೀ ಆರುವವರೆಗೂ ಕೈಯಲ್ಲೇ ಹಿಡಿದಿದ್ದರು. ಪಟ್ಟೆಯಣ್ಣ ಮನೆಗೆ ತಂದಿದ್ದ ಲ್ಯಾಬಿನ ಬೀಗದ ಕೈ ಬೇಕಿತ್ತು. ಕೊಟ್ಟಳು. ಮೇಷ್ಟ್ರು ಹೋಗಲಿಲ್ಲ. ಪ್ರಿನ್ಸಿಪಾಲರು ಒಂದು ಮಾತು ಹೇಳಿ ಕಳಿಸಿದ್ದಾರೆ ಅಂದರು. ವಿಚಾರಣೆಯವರು ಮನೆ ಕಡೆ ಬಂದು ಕೇಳಿದರೆ ಏನೂ ಗೊತ್ತಿಲ್ಲ ಅನ್ನಬೇಕು. ಹೋದವರ ಹೆಸರಿಗೆ ಯಾಕೆ ಮಸಿ. ದಾಖಲೆ ಚೊಕ್ಕವಾಗಿದ್ದರೆ ಎಲ್ಲರಿಗೂ ಒಳ್ಳೇದು.

"ಮಕ್ಕಳಿಗೆ?" ಅಂತ ಕೇಳಿದಳು.

ಮೇಷ್ಟ್ರು ಟೀ ನೋಡಿದರು. ಮುಂದಿನ ವರ್ಷ ಮತ್ತೆ ಬರೆಯಬಹುದು ಅಕ್ಕ ಅಂದರು. ಹೇಳಿದ ಮೇಲೆ ಕಿವಿ ಕೆಂಪಗಾಯಿತು. ಕೆಟ್ಟ ಮನುಷ್ಯ ಅಲ್ಲ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

ಅವರು ಹೋದ ಹಿಂದೆಯೇ ಪಕ್ಕದ ಬೀದಿಯ ಟೈಲರ್ ಮಗಳು ಬಂದಳು. ಆ ಮೂವತ್ತೇಳರಲ್ಲಿ ಒಬ್ಬಳು. ಲ್ಯಾಬಿನಲ್ಲಿ ಎಲ್ಲರಿಗಿಂತ ಚುರುಕು ಅಂತ ಪಟ್ಟೆಯಣ್ಣ ಹೇಳುತ್ತಿದ್ದ. ಮೇಜು ಒರೆಸಿದ ಮೊದಲನೆಯವಳೂ ಅವಳೇ. ನರ್ಸಿಂಗ್ ಕಾಲೇಜಲ್ಲಿ ಸೀಟು ಇಟ್ಟಿದ್ದರು. ತಿಂಗಳ ಕೊನೆಯೊಳಗೆ ಫಲಿತಾಂಶದ ಹಾಳೆ ಕೊಡದಿದ್ದರೆ ಸೀಟು ಮುಂದಿನವರಿಗೆ. ಮುಂದಿನ ವರ್ಷದವರೆಗೆ ಕಾಯೋ ಹಾಗಿಲ್ಲ, ಅಪ್ಪ ಆಗಲೇ ಕಾಜಾ ಹಾಕೋಕೆ ಕೂರಿಸಿದ್ದಾರೆ, ಕೂತವಳು ಏಳಲ್ಲ ಅಂದಳು. ಅಳಲಿಲ್ಲ. ಅವಳ ಹೆಬ್ಬೆರಳಿಗೆ ಸೂಜಿ ಚುಚ್ಚಿದ ಗುರುತಿತ್ತು. ಹೆಂಡತಿ ಅದನ್ನು ನೋಡಿದಳು. ಆ ಮನೆಯಲ್ಲಿ ಬೆರಳ ಗಾಯ ಹೊಸದಲ್ಲ.

"ಅತ್ತೆ, ನಾವು ಕಾಪಿ ಹೊಡೆದಿಲ್ಲ. ಮಾಮ ಹೇಳಿಕೊಟ್ಟಿದ್ದು ಅಂತ ಹೇಳಬಾರದಂತೆ. ಹಾಗಾದ್ರೆ ಏನು ಹೇಳೋದು?"

ಹೆಂಡತಿ ತಟ್ಟೆ ಇಟ್ಟಳು. ಊಟ ಹಾಕಿ ಕಳಿಸಿದಳು.

ಆಮೇಲೆ ಡಬ್ಬಿ ತೆಗೆದು ಗಾಜುಗಳನ್ನು ನೋಡಿದಳು. ಅಂತರ ಒಂದು. ಅಂತರ ಎರಡು. ಅವನ ಅಕ್ಷರ. ಗೋಡೆ ಬುಡದಲ್ಲಿ ದೂರ. ಅದೂ ಅವನ ಅಕ್ಷರ. ಇನ್ನೇನು ಹೇಳೋದಿದೆ ಅಂತ ಅನ್ನಿಸಿತು.

ವಿಚಾರಣೆಯ ದಿನ ಯಾರೂ ಕರೆಯದೆಯೇ ಹೋದಳು. ಕೈಚೀಲದಲ್ಲಿ ಬಿಸ್ಕತ್ತಿನ ಡಬ್ಬಿ, ಕಂಕುಳಲ್ಲಿ ಬಿಳಿ ರಟ್ಟು. ಕಾಲೇಜಿನ ಗೇಟಲ್ಲಿ ಕಾವಲಿನವನು ಏನಮ್ಮ ರಟ್ಟು ಮಾರ್ತೀಯಾ ಅಂದ. ಮುಖ ನೋಡಿ ಗುರುತು ಹಿಡಿದು ಎದ್ದು ನಿಂತ.

ಲ್ಯಾಬಿನಲ್ಲಿ ಮೂವರು ಕೂತಿದ್ದರು. ನಡುವೆ ಕನ್ನಡಕದ ಹೆಂಗಸು, ಅವರೇ ಮುಖ್ಯಸ್ಥೆ. ಎರಡು ಪಕ್ಕ ಇಬ್ಬರು ಗಂಡಸರು. ಒಬ್ಬರು ಬರೆದುಕೊಳ್ಳುತ್ತಿದ್ದರು, ಇನ್ನೊಬ್ಬರು ಉತ್ತರ ಪತ್ರಿಕೆಗಳ ಕಟ್ಟನ್ನು ಕಾಯುತ್ತಿದ್ದರು. ಪ್ರಿನ್ಸಿಪಾಲರು ಕಿಟಕಿ ಹತ್ತಿರ, ಹೊಸ ಮೇಷ್ಟ್ರು ಬೀರುವಿನ ಹತ್ತಿರ. ಟೈಲರ್ ಮಗಳನ್ನು ಎದುರಿಗೆ ನಿಲ್ಲಿಸಿದ್ದರು. ಈ ವಾಕ್ಯ ಎಲ್ಲಿಂದ ಬಂತು ಅಂತ ಕೇಳುತ್ತಿದ್ದರು. ಅವಳು ಗೊತ್ತಿಲ್ಲ ಮೇಡಂ ಅನ್ನುತ್ತಿದ್ದಳು. ಪ್ರಿನ್ಸಿಪಾಲರ ಕಣ್ಣು ಅವಳ ಮೇಲೇ ಇತ್ತು.

ಹೆಂಡತಿ ಒಳಗೆ ಹೋದಳು. ಯಾರು ನೀವು ಅಂದರು. ಹೇಳಿದಳು. ಮುಖ್ಯಸ್ಥೆ ಒಂದು ಗಳಿಗೆ ಪೆನ್ನು ಕೆಳಗಿಟ್ಟು, ವಿಷಯ ಗೊತ್ತಾಯಿತು, ಬೇಜಾರಾಯಿತು, ಆದರೆ ಇದು ವಿಚಾರಣೆ, ಹೊರಗೆ ಕೂತಿರಿ ಅಂದರು.

"ವಾಕ್ಯ ಎಲ್ಲಿಂದ ಬಂತು ಅಂತ ಕೇಳಿದ್ರಿ. ನಮ್ಮ ಮನೆಯಿಂದ ಬಂತು," ಅಂದಳು.

ಪ್ರಿನ್ಸಿಪಾಲರು ಕೆಮ್ಮಿದರು. ಅಮ್ಮ ದುಃಖದಲ್ಲಿದ್ದಾರೆ ಅಂದರು. ದುಃಖಕ್ಕೂ ಇದಕ್ಕೂ ಏನು ಅನ್ನೋ ಹಾಗೆ ಅವಳು ಅವರನ್ನು ನೋಡಿ, ಡಬ್ಬಿ ತೆರೆದಳು.

ಮುಖ್ಯಸ್ಥೆ ಎಷ್ಟು ಓದಿದ್ದೀರಿ ಅಂತ ಕೇಳಿದರು. ನಾಲ್ಕು ಅಂದಳು. ಬರೆದುಕೊಳ್ಳುವವರು ಅದನ್ನೂ ಬರೆದುಕೊಂಡರು. ಲೇಸರ್ ಕೊಡಿ ಮೇಷ್ಟ್ರೇ ಅಂದಳು. ಹೊಸ ಮೇಷ್ಟ್ರು ಪ್ರಿನ್ಸಿಪಾಲರನ್ನು ನೋಡಿದರು. ಆಮೇಲೆ ಯಾರನ್ನೂ ನೋಡದೆ ಬೀರು ತೆಗೆದು ಕೊಟ್ಟರು. ಕಿಟಕಿ ಪರದೆಗಳನ್ನೂ ಅವರೇ ಎಳೆದರು.

ಲ್ಯಾಬಿನ ನೆಲದ ಮೇಲೂ ಮನೆಯಲ್ಲಿದ್ದಂಥದ್ದೇ ಗೆರೆ ಇತ್ತು, ಅಂಕಿ ಇತ್ತು, ದೂರ ಅನ್ನೋ ಅಕ್ಷರ ಇತ್ತು. ಅಲ್ಲಿ ಕೂತ ಮೂವರಲ್ಲಿ ಯಾರೂ ಅದನ್ನು ನೋಡಿರಲಿಲ್ಲ. ಮುಖ್ಯಸ್ಥೆಯ ಕುರ್ಚಿಯ ಕಾಲು ಮೂರರ ಮೇಲಿತ್ತು. ಅವಳು ರಟ್ಟನ್ನು ಟೈಲರ್ ಮಗಳ ಕೈಗೆ ಕೊಟ್ಟು ಎರಡಕ್ಕೆ ಹೋಗು ಅಂದಳು. ಹುಡುಗಿ ಕೆಳಗೆ ನೋಡದೆಯೇ ಹೋಗಿ ಎರಡರ ಮೇಲೆ ನಿಂತಳು. ಮುಖ್ಯಸ್ಥೆ ಅದನ್ನು ಗಮನಿಸಿದರು.

ಒಂದನೇ ಗಾಜು ಇಟ್ಟಳು. ಅವನು ಇಡುವಾಗ ನೋಡಿದ್ದಳು, ತಾನೇ ಇಟ್ಟಿರಲಿಲ್ಲ. ಯಾವಾಗಲೂ ರಟ್ಟಿನ ಕಡೆಯವಳು. ಬೆಳಕು ಪಕ್ಕಕ್ಕೆ ಹೋಯಿತು. ಗಾಜನ್ನು ಕೂದಲೆಳೆಯಷ್ಟು ಸರಿಸಿದಳು. ಪಟ್ಟೆ ಬಂದವು. ಅಳೆಯಿರಿ ಅಂದಳು. ಮುಖ್ಯಸ್ಥೆ ಎದ್ದು ಹೋಗಿ ಅಳೆದರು. ಐದಕ್ಕೆ ಆರೂವರೆ. ಎರಡನೇ ಗಾಜು ಇಟ್ಟಳು. ಮೂರೂ ಕಾಲು.

"ಅರ್ಧ," ಅಂದರು ಮುಖ್ಯಸ್ಥೆ. "ಸರಿ. ಸೀಳುಗಳ ನಡುವೆ ಎರಡು ಪಟ್ಟು ಮಾಡಿದರೆ ಅರ್ಧ. ಅದು ನಮಗೂ ಗೊತ್ತು. ಪ್ರಶ್ನೆ ಕೇಳಿದ್ದು ಪರದೆಯದ್ದು."

"ಪ್ರಶ್ನೆಯಲ್ಲಿ ಪರದೆ ಅಂತ ಇತ್ತಾ?"

ಪತ್ರಿಕೆ ತೆಗೆದು ನೋಡಿದರು. ಅವರಿಗೆ ಗೊತ್ತಿದ್ದದ್ದೇ, ಆದರೂ ಇನ್ನೊಂದು ಸಲ ಓದಿದರು. ಪಕ್ಕದವರಿಗೂ ತೋರಿಸಿದರು.

"ಅಂತರ ಅಂತ ಇದೆ," ಅಂದರು.

"ಆ ಗಾಜಿನ ಮೇಲೆ ಏನಿದೆ ಓದಿ."

ಮುಖ್ಯಸ್ಥೆ ಗಾಜನ್ನು ಬೆಳಕಿಗೆ ಹಿಡಿದು ಓದಿದರು. ಅಂತರ ಎರಡು.

"ನೆಲದ ಮೇಲೆ, ಒಂದನೇ ಗೆರೆಯ ಹಿಂದೆ ಏನಿದೆ ಓದಿ."

ಬರೆದುಕೊಳ್ಳುವವರು ಬಗ್ಗಿ ಓದಿದರು. ದೂರ.

"ಇಲ್ಲಿ ಅಂತರ ಬೇರೆ, ದೂರ ಬೇರೆ ಮೇಡಂ," ಅಂದಳು. "ಅಂತರ ಬೆರಳಿಂದು, ದೂರ ಕಾಲಿಂದು. ಪರದೆಗೆ ಅಂತರ ಅಂದ್ರೆ ಈ ಮಕ್ಕಳು ಮೇಜು ಒರೆಸಬೇಕಿತ್ತು. ಇವಳನ್ನೇ ಕೇಳಿ."

ಟೈಲರ್ ಮಗಳು ರಟ್ಟಿನ ಹಿಂದಿನಿಂದ, ನಾನು ಎರಡು ಸಲ ಒರೆಸಿದ್ದೀನಿ ಅಂದಳು. ಪತ್ರಿಕೆ ಕಾಯುತ್ತಿದ್ದವರು ನಕ್ಕರು. ಆಮೇಲೆ ನಗಬಾರದಿತ್ತು ಅಂತ ಗೊತ್ತಾಗಿ ಕಟ್ಟಿನ ದಾರ ಸರಿಮಾಡಿದರು.

ಮುಖ್ಯಸ್ಥೆ ನಗಲಿಲ್ಲ. ಇನ್ನೂ ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ಕರೆಸಿದರು. ಒಬ್ಬರ ಮಾತು ಒಬ್ಬರಿಗೆ ಕೇಳದ ಹಾಗೆ ಬಾಗಿಲು ಹಾಕಿಸಿದರು. ಈ ನೆಲದ ಮೇಲೆ ಅಂತರ ಎಲ್ಲಿದೆ ತೋರಿಸು ಅಂದರು. ನಾಲ್ವರೂ ನೆಲ ಬಿಟ್ಟು ಗಾಜು ತೋರಿಸಿದರು. ಪರದೆ ಹಿಂದಕ್ಕೆ ಹೋದರೆ ಏನಾಗುತ್ತೆ ಅಂದರು. ಪಟ್ಟೆ ಸಡಿಲ ಆಗುತ್ತೆ, ದೂರ ಎರಡರಷ್ಟಾದರೆ ಅಗಲ ಎರಡರಷ್ಟು ಅಂತ ನಾಲ್ವರೂ ಹೇಳಿದರು.

ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, ಪಾಠ ಮಾಡಿದ್ದು ಯಾರು ಅಂತ ಕೇಳಿದರು. ಪ್ರಿನ್ಸಿಪಾಲರು ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ನೆಲದ ಮೇಲಿನ ನಾಲ್ಕನ್ನು ನೋಡಿದರು.

"ನಮ್ಮ ಯಜಮಾನ್ರು," ಅಂದಳು ಹೆಂಡತಿ.

"ಅವರು ಅಟೆಂಡರ್ ಅಲ್ಲವಾ?"

"ಹೌದು. ಆರು ತಿಂಗಳು ಮೇಷ್ಟ್ರಿರಲಿಲ್ಲ. ಅವರಿದ್ದರು."

ಇದನ್ನು ಬರೆದುಕೊಂಡರೆ ಅವರ ದಾಖಲೆಗೆ ಹೋಗುತ್ತೆ, ಗೊತ್ತಾ ಅಂತ ಮುಖ್ಯಸ್ಥೆ ಕೇಳಿದರು. ಕೇಳಿದ್ದು ಮೆತ್ತಗೆ. ಬೇಡ ಅಂದಿದ್ದರೆ ಬಿಡುತ್ತಿದ್ದರೋ ಏನೋ. ಬರ್ಕೊಳ್ಳಿ ಅಂದಳು. ಗಾಜುಗಳನ್ನು ಹತ್ತಿಯ ಮೇಲೆ ಇಟ್ಟು ಡಬ್ಬಿ ಮುಚ್ಚಿದಳು.

ಹದಿಮೂರು ದಿನಕ್ಕೆ ಕಾಗದ ಬಂತು. ಹೊಸ ಮೇಷ್ಟ್ರು ಅದರ ಪ್ರತಿ ಹಿಡಿದುಕೊಂಡು ಮನೆಗೆ ಬಂದರು. ಈ ಸಲ ಟೀ ಬಿಸಿ ಇದ್ದಾಗಲೇ ಕುಡಿದರು. ಓದಿ ಹೇಳಿದರು. ಪ್ರಶ್ನೆಯಲ್ಲಿ ಯಾವ ಅಂತರ ಎಂದು ಸ್ಪಷ್ಟಪಡಿಸಿಲ್ಲದ ಕಾರಣ ಎರಡು ಪಟ್ಟು, ಅರ್ಧ, ಎರಡೂ ಉತ್ತರಗಳನ್ನು ಒಪ್ಪಲಾಗಿದೆ. ನಕಲಿನ ಆರೋಪ ಕೈಬಿಡಲಾಗಿದೆ. ಮೂವತ್ತೇಳು ಫಲಿತಾಂಶ ಬಿಡುಗಡೆ. ಟೈಲರ್ ಮಗಳ ಸೀಟಿಗೆ ಇನ್ನೂ ಮೂರು ದಿನ ಇತ್ತು. ಹಾಳೆ ಕೊಟ್ಟು ಬಂದಳು.

ಕಾಗದಕ್ಕೆ ಎರಡನೇ ಪುಟವೂ ಇತ್ತು. ಮೇಷ್ಟ್ರು ಅದನ್ನು ಮಡಚಿಕೊಂಡರು. ಅದನ್ನೂ ಓದಿ ಅಂದಳು. ಓದಿದರು. ಕಾಲೇಜಿಗೆ ಎಚ್ಚರಿಕೆ. ಅದರ ಕೆಳಗೆ ಅವನ ಹೆಸರು, ಸಂಬಳದ ಚೀಟಿಯಲ್ಲಿದ್ದ ಪೂರ್ತಿ ಹೆಸರು. ಸದರಿ ನೌಕರನು ಅರ್ಹತೆಯಿಲ್ಲದೆ, ಅನುಮತಿಯಿಲ್ಲದೆ, ಆರು ತಿಂಗಳ ಕಾಲ ಭೌತಶಾಸ್ತ್ರ ಬೋಧಿಸಿರುವುದು ಕಂಡುಬಂದಿದೆ. ನೌಕರನು ಮೃತನಾಗಿರುವುದರಿಂದ ಮುಂದಿನ ಕ್ರಮವಿಲ್ಲ.

ಇನ್ನೊಂದು ಸಲ ಓದಿ ಅಂದಳು. ಮೇಷ್ಟ್ರು ಓದಿದರು.

ಬೋಧಿಸಿರುವುದು ಅಂದ್ರೆ ಪಾಠ ಮಾಡಿದ್ದು ಅಂತಾನೇ ಅಲ್ವಾ ಅಂತ ಕೇಳಿದಳು. ಹೌದು ಅಕ್ಕ ಅಂದರು. ಕಾಗದ ಇಲ್ಲೇ ಬಿಟ್ಟು ಹೋಗಿ ಅಂದಳು. ಈಗ ಅದು ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿಯ ಕೆಳಗಿದೆ.

ಮೈದುನ ಈಚೆಗೆ ಬಂದಾಗ ಮತ್ತೆ ಬಣ್ಣದ ಮಾತು ತೆಗೆದ. ಅವಳು ಉಪ್ಪು ಸರಿಯಾಗಿದೆಯಾ ನೋಡು ಅಂದಳು.

ಬೆಳಿಗ್ಗೆ ಎದ್ದು ಮೊದಲು ನಲ್ಲಿ ಸರಿಯಾಗಿ ನಿಂತಿದೆಯಾ ನೋಡುತ್ತಾಳೆ. ಬಕೆಟ್ ತುಂಬಿಸಿ ನೆಲ ಒರೆಸುತ್ತಾಳೆ. ಮುಂಬಾಗಿಲಿಂದ ಶುರು. ಬಟ್ಟೆ ಗೆರೆ ಹತ್ತಿರ ಬಂದಾಗ ತಿಕ್ಕೋದಿಲ್ಲ, ಒತ್ತಿ ತೆಗೆಯುತ್ತಾಳೆ. ಹದಿನೈದು ವರ್ಷದ ಬಣ್ಣ, ಮೂರು ಆಗಲೇ ಅರ್ಧ ಅಳಿಸಿದೆ. ಒಂದು, ಎರಡು, ಮೂರು, ನಾಲ್ಕು ಅಂತ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ ಹೊಸ್ತಿಲಿಗೆ ಬರುತ್ತಾಳೆ. ಅಲ್ಲಿ ಬಟ್ಟೆ ಹಿಂಡುತ್ತಾಳೆ.